ಅನುಕ್ರಮವೋ ವ್ಯುತ್ಕ್ರಮವೋ? : ಎರಡು ವಿದ್ಯಾರ್ಥಿಚಿತ್ರಗಳ ವಿಮರ್ಶೆ

ಚಲಚ್ಚಿತ್ರ ವಿದ್ಯಾಲಯಗಳಲ್ಲಿ ವ್ಯಾಸಂಗವನ್ನು ಮುಗಿಸುವ ವಿದ್ಯಾರ್ಥಿಯು ಕಡೆಯ ವರ್ಷದಲ್ಲಿ ತಾನೇ ಒಂದು ಚಿತ್ರವನ್ನು ರಚಿಸಿ ಪರೀಕ್ಷಕರ ಮುಂದಿಡಬೇಕೆಂಬುದು ಹಲವು ದೇಶಗಳಲ್ಲಿ ರೂಢಿಯಾಗಿರುವ ನಿಯಮ. ಹಿಂದೆ ವಿದ್ವತ್ಪರೀಕ್ಷೆಗೆ ನಿಂತವನು ಸಭೆಯಲ್ಲಿ ವಾಕ್ಯಾರ್ಥವನ್ನು ನಡೆಸಿ ಗುರುಗಳನ್ನು ಮೆಚ್ಚಿಸಬೇಕಾಗಿದ್ದಂತೆಯೇ ಇದೂ ಒಂದು ಪರೀಕ್ಷೆ. ಆದರೆ ವಾಕ್ಯಾರ್ಥದಲ್ಲಿ ತಪ್ಪಿದವನು ಮರುವರ್ಷ ಮತ್ತೆ ನಿಲ್ಲಬಹುದಾಗಿತ್ತು. ಚಿತ್ರವನ್ನು ಕೆಡಿಸಿಕೊಂಡವನಿಗೆ ಆ ಸೌಲಭ್ಯವು ಅಪರೂಪ. ಹಣ, ಕಾಲ, ಜೊತೆಗಾರರ ಶ್ರಮ ಇವೆಲ್ಲವೂ ಒಂದೇ ಸಾರಿ ವ್ಯಯವಾಗಿಬಿಡುತ್ತವೆ. ಇಂತಹ ವಿದ್ಯಾರ್ಥಿಯು ಪ್ರಯೋಗಶೀಲವಾದ ಚಿತ್ರವನ್ನು ಮಾಡಬೇಕೆಂದು ಹೊರಟರೆ, ಕಥೆಯನ್ನು ಮೂರು ಅಂಕಗಳ ಕಟ್ಟಿನಲ್ಲಿ ನಡೆದ ಕ್ರಮದಲ್ಲಿಯೇ ಹೇಳುವುದೋ ಅಥವಾ ಕಾಲಕ್ರಮವನ್ನು ಮುರಿದು ಹೇಳುವುದೋ ಎಂಬ ಪ್ರಶ್ನೆಯೇ ಅವನಿಗೆ ಎಲ್ಲಕ್ಕೂ ಮೊದಲು ಅಡ್ಡಬರುತ್ತದೆ.

ಮೊದಲನೆಯ ಕಟ್ಟನ್ನು ಇಲ್ಲಿ ಅನುಕ್ರಮವೆಂದೂ ಎರಡನೆಯದನ್ನು ವ್ಯುತ್ಕ್ರಮವೆಂದೂ ಕರೆಯಬಹುದು. ಮೂರಂಕದ ಕಟ್ಟಿಗೆ ಆದಿ ಮಧ್ಯ ಅಂತ್ಯಗಳೆಂದು ಹೇಳಿದ ಅರಿಸ್ಟಾಟಲನೇ ಮೂಲಪುರುಷನೆಂದು ಪಾಶ್ಚಾತ್ಯರು ಹೇಳುವುದುಂಟು. ಆದರೆ ಈಗಿನ ವಿದ್ಯಾರ್ಥಿಗಳ ಕೈಯಲ್ಲಿರುವ ರೂಪವು ಅಮೆರಿಕೆಯ ಸಿಡ್ ಫೀಲ್ಡ್ ಎಂಬಾತನು 1979ರಲ್ಲಿ ಪ್ರಕಟಿಸಿದ ಚಿತ್ರಕಥಾರಚನೆಯ ಕೈಪಿಡಿಯಿಂದ ಹರಡಿದ್ದು. ಅವನ ಲೆಕ್ಕವು ಸರಳವಾದುದು. ಚಿತ್ರಕಥೆಯ ಒಂದು ಪುಟವು ತೆರೆಯ ಮೇಲೆ ಒಂದು ನಿಮಿಷಕ್ಕೆ ಸಮ. ಚಿತ್ರವು 120 ಪುಟ. ಅದರಲ್ಲಿ ಮೊದಲಿನ 30 ಪುಟಗಳು ಪ್ರಸ್ತಾವನೆಗೆ, ನಡುವಿನ 60 ಪುಟಗಳು ಸಂಘರ್ಷಕ್ಕೆ, ಕಡೆಯ 30 ಪುಟಗಳು ಪರಿಹಾರಕ್ಕೆ. ಒಂದಂಕವು ಮುಗಿದು ಮತ್ತೊಂದು ತೊಡಗುವ ಕಡೆಯಲ್ಲಿ ಕಥೆಯ ದಿಕ್ಕನ್ನು ತಿರುಗಿಸುವ ಒಂದು ಘಟನೆಯಿರಬೇಕು. ಇದು ಎರಡು ಗಂಟೆಗಳ ಚಿತ್ರಕ್ಕೆ ಹೇಳಿದ ಮಾತು ಎಂಬುದನ್ನು ಮರೆತು ಇಪ್ಪತ್ತು ನಿಮಿಷದ ಚಿತ್ರಕ್ಕೂ ಇದನ್ನೇ ಐದು, ಹತ್ತು, ಐದು ಎಂದು ಭಾಗಿಸಿಕೊಳ್ಳುವವರು ಉಂಟು. ಇನ್ನು ಕೆಲವರು ಈ ಲೆಕ್ಕಕ್ಕೆ ಬೇಸತ್ತು, ಕ್ರಮವನ್ನು ಮುರಿದ ಮಾತ್ರಕ್ಕೆ ಪ್ರಯೋಗವಾಯಿತೆಂದು ಭಾವಿಸುತ್ತಾರೆ. ಅನುಕ್ರಮವು ಪೇಟೆಯ ಸರಕು, ವ್ಯುತ್ಕ್ರಮವು ಕಲೆ ಎಂಬ ಈ ಎಣಿಕೆಯು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ತಿಳಿಯಲು, ಮುಂದೆ ಲೋಕಪ್ರಸಿದ್ಧರಾದ ಇಬ್ಬರು ತಮ್ಮ ವಿದ್ಯಾರ್ಥಿದಶೆಯ ಕೊನೆಯಲ್ಲಿ ಮಾಡಿದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಚಿತ.

ಒಂದು, ಪೋಲೆಂಡಿನ ಲೋಡ್ಜ್ ನಗರದ ಚಲಚ್ಚಿತ್ರ ವಿದ್ಯಾಲಯದಲ್ಲಿ ರೋಮನ್ ಪೊಲಾನ್ಸ್ಕಿಯು 1959ರಲ್ಲಿ ಮಾಡಿದ, ‘ದೇವದೂತರು ಬೀಳುವಾಗ’ ಎಂಬರ್ಥದ ಹೆಸರುಳ್ಳ ಚಿತ್ರ. ಸುಮಾರು 21 ನಿಮಿಷದ್ದು. ಇನ್ನೊಂದು, ಮಾಸ್ಕೋ ನಗರದ ವಿದ್ಯಾಲಯದಿಂದ ಹೊರಬೀಳುವಾಗ ಆಂದ್ರೇ ತಾರ್ಕೊವ್ಸ್ಕಿಯು 1960ರಲ್ಲಿ ಮಾಡಿದ ‘ರೋಡ್ ರೋಲರೂ ಪಿಟೀಲೂ’. ಸುಮಾರು 46 ನಿಮಿಷದ್ದು. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಈ ಎರಡರಲ್ಲಿ ಮೊದಲನೆಯದು ಕಾಲವನ್ನು ಮುರಿಯುತ್ತದೆ, ಎರಡನೆಯದು ಕಾಲದ ಬೆನ್ನು ಹಿಡಿದು ನಡೆಯುತ್ತದೆ. ಪುಣೆಯ ಸಂಸ್ಥೆಯ ವಿದ್ಯಾರ್ಥಿಯಾಗಿ ಗಿರೀಶ ಕಾಸರವಳ್ಳಿಯವರು ಮಾಡಿದ ‘ಅವಶೇಷ’ವು 1975ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಪ್ರಯೋಗಾತ್ಮಕ ಚಿತ್ರಕ್ಕೆ ಸಲ್ಲುವ ಗೌರವವನ್ನು ಪಡೆದುದನ್ನು ಬಲ್ಲ ಕನ್ನಡಿಗರಿಗೆ, ವಿದ್ಯಾರ್ಥಿಚಿತ್ರವೆಂಬುದು ಕೇವಲ ಅಭ್ಯಾಸದ ಕಾಗದವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ತಾರ್ಕೊವ್ಸ್ಕಿಯ ಚಿತ್ರದಲ್ಲಿ ನಡೆಯುವುದೆಲ್ಲವೂ ಒಂದೇ ದಿನದ ಸಂಗತಿ. ಸಾಶಾ ಎಂಬ ಪುಟ್ಟ ಬಾಲಕನು ಬೆಳಿಗ್ಗೆ ಪಿಟೀಲಿನ ಪೆಟ್ಟಿಗೆಯನ್ನು ಹಿಡಿದು ಪಾಠಕ್ಕೆ ಹೊರಡುತ್ತಾನೆ. ಅಂಗಳದ ತುಂಟ ಹುಡುಗರು ಅವನನ್ನು ಅಡ್ಡಗಟ್ಟಿ ಕಾಡುತ್ತಾರೆ. ಅಲ್ಲಿಯೇ ರಸ್ತೆಯನ್ನು ಸಮಮಾಡುತ್ತಿದ್ದ ರೋಡ್ ರೋಲರಿನ ಚಾಲಕ ಸೆರ್ಗೇಯಿ ಅವನನ್ನು ಬಿಡಿಸುತ್ತಾನೆ. ಪಾಠದ ಮನೆಯಲ್ಲಿ ತಾಳಯಂತ್ರದ ಟಕಟಕ ಶಬ್ದಕ್ಕೆ ಬಾಲಕನ ಭಾವವು ಒಗ್ಗುವುದಿಲ್ಲ; ಉಪಾಧ್ಯಾಯಿನಿಗೆ ಅವನ ಕಲ್ಪನೆಯು ಅತಿಯಾಗಿ ತೋರುತ್ತದೆ. ಹಿಂದಿರುಗುವಾಗ ಸೆರ್ಗೇಯಿ ಅವನಿಗೆ ಯಂತ್ರವನ್ನು ನಡೆಸಲು ಕೊಡುತ್ತಾನೆ. ಇಬ್ಬರೂ ಕೂಡಿ ಊಟಮಾಡುತ್ತಾರೆ, ಹಳೆಯ ಕಟ್ಟಡವೊಂದನ್ನು ಕೆಡಹುವುದನ್ನು ಮಳೆಯಲ್ಲಿ ನಿಂತು ನೋಡುತ್ತಾರೆ, ಬಾಲಕನು ತನ್ನ ಗೆಳೆಯನಿಗಾಗಿ ಪಿಟೀಲು ನುಡಿಸುತ್ತಾನೆ. ಸಂಜೆ ಕೂಡಿ ಸಿನಿಮಾಕ್ಕೆ ಹೋಗಬೇಕೆಂದು ಮಾತಾಗುತ್ತದೆ. ತಾಯಿ ಒಪ್ಪುವುದಿಲ್ಲ, ಮನೆಯೊಳಗೆ ಸಿಕ್ಕಿಕೊಂಡ ಬಾಲಕನು ಕಿಟಕಿಯಿಂದ ಕಾಗದದ ವಿಮಾನದಲ್ಲಿ ಸಂದೇಶವನ್ನು ಹಾರಿಸುತ್ತಾನೆ, ಅದು ಸೆರ್ಗೇಯಿಯ ಕಣ್ಣಿಗೆ ಬೀಳುವುದಿಲ್ಲ. ಆಗ ಕಡೆಯ ಕ್ಷಣದಲ್ಲಿ ಬಾಲಕನು ಮೆಟ್ಟಿಲುಗಳನ್ನಿಳಿದು ಓಡಿ ಕೆಂಪು ಯಂತ್ರವನ್ನು ಸೇರುವಂತೆ ತೋರುತ್ತದೆ. ಅದು ನಡೆದುದಲ್ಲ, ಅವನ ಮನಸ್ಸಿನ ಓಟ.

ಈ ಚಿತ್ರದ ಹುರುಳು ಇರುವುದು ಸಂಜೆಗಾಗಿ ಕೊಟ್ಟ ಮಾತಿನಲ್ಲಿ. ಮಾತು ಕೊಡುವುದು, ಕಾಯುವುದು, ತಪ್ಪುವುದು ಈ ಮೂರೂ ಕಾಲವನ್ನು ಬಿಟ್ಟು ನಿಲ್ಲಲಾರವು. ಪ್ರೇಕ್ಷಕನು ಬಾಲಕನೊಂದಿಗೆ ಸಂಜೆಯನ್ನು ನಿರೀಕ್ಷಿಸಿದಲ್ಲದೆ ಕಿಟಕಿಯ ಬಳಿಯ ದುಃಖವು ಅವನ ದುಃಖವಾಗುವುದಿಲ್ಲ. ಇದನ್ನೇ ವ್ಯುತ್ಕ್ರಮಕ್ಕೆ ತಿರುಗಿಸಿ, ಮೊದಲು ಕಿಟಕಿಯ ಬಳಿಯ ಬಾಲಕನನ್ನು ತೋರಿಸಿ, ಆಮೇಲೆ ಬೆಳಗಿನ ಸಂಗತಿಗಳನ್ನು ನೆನಪುಗಳಾಗಿ ತಂದರೆ ಏನಾದೀತು? ಯಂತ್ರವನ್ನು ನಡೆಸಿದ ಸಂತೋಷದ ಮೇಲೆ ಆಗಲೇ ಕಳೆದುಹೋದುದರ ನೆರಳು ಬೀಳುತ್ತದೆ. ಕೆಲವು ವಸ್ತುಗಳಿಗೆ ಆ ನೆರಳೇ ಬೇಕು, ಇದಕ್ಕೆ ಬೇಡ. ಬಾಲಕನಿಗೆ ಮುಂದಾಗುವುದು ತಿಳಿಯದು ಎಂಬುದೇ ಇಲ್ಲಿಯ ಮಾಧುರ್ಯ. ಪ್ರೇಕ್ಷಕನಿಗೆ ಮುಂದಾಗಿ ತಿಳಿಸಿಬಿಟ್ಟರೆ ಅವನು ಬಾಲಕನ ಜೊತೆಗಾರನಾಗದೆ ಅವನನ್ನು ಕಂಡು ಕನಿಕರಪಡುವ ಹಿರಿಯನಾಗಿಬಿಡುತ್ತಾನೆ. ಆದುದರಿಂದ ತಾರ್ಕೊವ್ಸ್ಕಿಯು ಇಲ್ಲಿ ಅನುಕ್ರಮವನ್ನು ಹಿಡಿದುದು ಪರೀಕ್ಷಕರ ಭಯದಿಂದಲೆಂದು ಹೇಳುವವರು ವಸ್ತುವನ್ನು ನೋಡಿದವರಲ್ಲ. ಅದಕ್ಕಿಂತಲೂ ಗಮನಿಸತಕ್ಕದ್ದೆಂದರೆ, ದಿನವಿಡೀ ನಡೆದ ಅನುಕ್ರಮವೇ ಕಡೆಯ ಒಂದು ಕ್ಷಣದ ಕ್ರಮಭಂಗಕ್ಕೆ ಬಲವನ್ನು ಕೊಡುತ್ತದೆ. ಗಡಿಯಾರದಂತೆ ನಡೆದ ಚಿತ್ರವು ಒಮ್ಮೆಗೇ ಗಡಿಯಾರವನ್ನು ಬಿಟ್ಟು ಹಾರಿದಾಗ, ಹಾರಿದುದು ಗೊತ್ತಾಗುತ್ತದೆ. ಮೊದಲಿನಿಂದಲೂ ಹಾರುತ್ತಲೇ ಇರುವ ಚಿತ್ರದಲ್ಲಿ ಆ ಓಟವು ಇನ್ನೊಂದು ಹಾರಾಟವಾಗಿ ಮರೆತುಹೋಗುತ್ತಿತ್ತು.

ಪೊಲಾನ್ಸ್ಕಿಯ ವಸ್ತು ಇದಕ್ಕೆ ವಿಪರೀತವಾದುದು. ನೆಲಮಾಳಿಗೆಯಲ್ಲಿರುವ ಗಂಡಸರ ಸಾರ್ವಜನಿಕ ಶೌಚಾಲಯವೊಂದನ್ನು ನೋಡಿಕೊಳ್ಳುತ್ತ ಕುಳಿತಿರುವ ಒಬ್ಬ ಮುದುಕಿಯೇ ಅದರ ನಾಯಿಕೆ. ಮೇಲಿನ ಗಾಜಿನ ಮಾಡಿನ ಮೇಲೆ ದಾರಿಹೋಕರ ಹೆಜ್ಜೆಗಳು ಕಾಣುತ್ತವೆ. ಜನರು ಬರುತ್ತಾರೆ, ತಮ್ಮ ಕೆಲಸವನ್ನು ಮುಗಿಸಿಕೊಂಡು ಹೋಗುತ್ತಾರೆ. ಮುದುಕಿಯನ್ನು ಮನುಷ್ಯಳೆಂದು ಗಣಿಸುವವರು ಇಲ್ಲ. ನಡುನಡುವೆ ಅವಳ ನೆನಪುಗಳು ಏಳುತ್ತವೆ: ಹಳ್ಳಿಯಲ್ಲಿ ಕಳೆದ ಯೌವನ, ಒಬ್ಬ ಸೈನಿಕನ ಸಂಗ, ತಾಯ್ತನ, ಯುದ್ಧ. ವರ್ತಮಾನವೆಲ್ಲವೂ ಕಪ್ಪುಬಿಳುಪಿನಲ್ಲಿದೆ, ನೆನಪುಗಳೆಲ್ಲವೂ ಬಣ್ಣದಲ್ಲಿವೆ. ಕೊನೆಯಲ್ಲಿ ಆ ಗಾಜಿನ ಮಾಡನ್ನು ಒಡೆದುಕೊಂಡು ದೇವದೂತನೊಬ್ಬನು ಅವಳ ಬಳಿಗೆ ಬೀಳುತ್ತಾನೆ.

ಇದನ್ನು ಅನುಕ್ರಮಕ್ಕೆ ತಿರುಗಿಸಿ ನೋಡಬೇಕು. ಹಳ್ಳಿಯ ಹುಡುಗಿಯಿಂದ ತೊಡಗಿ ಮುದುಕಿಯವರೆಗೆ ಒಂದು ಇಡಿಯ ಆಯುಷ್ಯವನ್ನು 21 ನಿಮಿಷದಲ್ಲಿ ಕ್ರಮವಾಗಿ ಹೇಳುವುದಾದರೆ ಒಂದೊಂದು ನಿಮಿಷಕ್ಕೆ ಹಲವು ವರ್ಷಗಳು ಬೀಳುತ್ತವೆ. ಆಗ ಸೈನಿಕನು ಯಾರು, ಏಕೆ ಹೋದನು, ಆಮೇಲೆ ಅವಳು ಹೇಗೆ ಬದುಕಿದಳು ಎಂಬ ಒಂದೊಂದಕ್ಕೂ ಪ್ರೇಕ್ಷಕನು ಉತ್ತರವನ್ನು ಕೇಳುತ್ತಾನೆ. ಚಿತ್ರವು ಉತ್ತರಗಳ ಪಟ್ಟಿಯಾಗಿಬಿಡುತ್ತದೆ. ಶೌಚಾಲಯವು ಕಥೆಯ ಕಟ್ಟಕಡೆಗೆ ಬಂದು, ಪಾಪ, ಎಂಥವಳು ಎಂತಾದಳು ಎಂಬ ಒಂದು ಮಾತಿಗೆ ಎಲ್ಲವೂ ಮುಗಿದುಹೋಗುತ್ತದೆ. ಈಗಿರುವ ಕಟ್ಟಿನಲ್ಲಿಯಾದರೋ ಪ್ರೇಕ್ಷಕನೂ ಮೊದಲಿಗೆ ಆ ದಾರಿಹೋಕರಲ್ಲಿ ಒಬ್ಬನಾಗಿಯೇ ಒಳಕ್ಕೆ ಬರುತ್ತಾನೆ. ಅವನೂ ಮುದುಕಿಯನ್ನು ಲಕ್ಷಿಸಿರುವುದಿಲ್ಲ. ಬಣ್ಣವು ಮೂಡಿದ ಬಳಿಕ ಅದೇ ಮುಖವನ್ನು ಮತ್ತೆ ಕಪ್ಪುಬಿಳುಪಿನಲ್ಲಿ ಕಾಣುವಾಗ ಅದು ಬೇರೆ ಮುಖ. ಚಿತ್ರವು ಕೇಳುವುದು ಮುಂದೇನಾಯಿತು ಎಂದಲ್ಲ, ಈ ಎರಡಕ್ಕೂ ಸಂಬಂಧವೇನು ಎಂದು. ಅಂತಹ ಪ್ರಶ್ನೆಗೆ ಎರಡನ್ನೂ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟೇ ತೋರಿಸಬೇಕು. ಒಂದು ಮುಗಿದ ಮೇಲೆ ಒಂದನ್ನು ತಂದರೆ ಆಗದು.

ಇಲ್ಲಿಯೂ ಒಂದು ಸೂಕ್ಷ್ಮವುಂಟು. ಕ್ರಮವನ್ನು ಮುರಿದ ಈ ಚಿತ್ರದೊಳಗೆ ಎರಡು ಸಣ್ಣ ಅನುಕ್ರಮಗಳು ಅಡಗಿವೆ. ಕಪ್ಪುಬಿಳುಪಿನ ಎಳೆಯು ಮುದುಕಿಯ ಒಂದು ಕೆಲಸದ ದಿನವಾಗಿ ಮುಂದಕ್ಕೆ ಸಾಗುತ್ತದೆ. ಬಣ್ಣದ ಎಳೆಯು ಯೌವನದಿಂದ ಯುದ್ಧದ ಕಡೆಗೆ ಮುಂದಕ್ಕೆ ಸಾಗುತ್ತದೆ. ಹೆಣೆದಿರುವುದು ಎರಡೆಳೆಯ ಜಡೆ. ಆದರೆ ಒಂದೊಂದು ಎಳೆಯೂ ನೆಟ್ಟಗಿದೆ. ಅನುಕ್ರಮದ ಚಿತ್ರದಲ್ಲಿ ಒಂದು ಕ್ರಮಭಂಗವೂ, ವ್ಯುತ್ಕ್ರಮದ ಚಿತ್ರದಲ್ಲಿ ಎರಡು ಕ್ರಮಗಳೂ ಇರುವುದನ್ನು ಕಂಡಮೇಲೆ, ಇವೆರಡೂ ಹಾವು ಮುಂಗುಸಿಗಳಂತೆ ವಿರೋಧಿಗಳೆಂದು ಹೇಳುವುದು ಕಷ್ಟ. ಪೊಲಾನ್ಸ್ಕಿಯ ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ನೆನಪಿನ ಭಾಗಗಳು ಕೆಲವೆಡೆ ಗೋಡೆಗೆ ತೂಗುಹಾಕಿದ ಹಳೆಯ ವರ್ಣಚಿತ್ರಗಳಂತೆ ಅತಿಯಾಗಿ ಅಲಂಕೃತವಾಗಿವೆ. ಮುದುಕಿಯ ನೆನಪಿಗಿಂತ ಹೆಚ್ಚಾಗಿ ಚಿತ್ರಕಾರನ ಕೈಚಳಕವು ಕಾಣುತ್ತದೆ. ಆದರೆ ಕಟ್ಟು ಮಾತ್ರ ಅಲುಗುವುದಿಲ್ಲ.

ಕಟ್ಟು ಅಲುಗದಿರುವುದಕ್ಕೆ ಕಾರಣವನ್ನು ನಮ್ಮ ಹಳೆಯ ಗ್ರಂಥಗಳನ್ನು ಬಲ್ಲವರು ಸುಲಭವಾಗಿ ಊಹಿಸಬಹುದು. ಬಾಣಭಟ್ಟನ ಕಾದಂಬರಿಯೂ, ಅದನ್ನು ಕನ್ನಡಕ್ಕೆ ತಂದ ನಾಗವರ್ಮನ ಕಾವ್ಯವೂ ಕ್ರಮವಾಗಿ ನಡೆಯುವುದಿಲ್ಲ. ಶೂದ್ರಕನ ಸಭೆಗೆ ಬಂದ ಗಿಳಿಯು ತನ್ನ ಕಥೆಯನ್ನು ಹೇಳುತ್ತದೆ. ಅದರೊಳಗೆ ಜಾಬಾಲಿಯು ಕಥೆ ಹೇಳುತ್ತಾನೆ. ಅದರೊಳಗೆ ಮಹಾಶ್ವೇತೆಯು ತನ್ನ ವೃತ್ತಾಂತವನ್ನು ಹೇಳಿಕೊಳ್ಳುತ್ತಾಳೆ. ಜನ್ಮಾಂತರಗಳೇ ಹಿಂದುಮುಂದಾಗಿದ್ದರೂ ಓದುವವನು ದಾರಿತಪ್ಪುವುದಿಲ್ಲ. ಏಕೆಂದರೆ ಒಂದೊಂದು ಕಥೆಗೂ ಒಬ್ಬ ವಕ್ತೃವೂ ಒಬ್ಬ ಶ್ರೋತೃವೂ ಇದ್ದಾರೆ; ಯಾರ ಬಾಯಿಂದ ಕೇಳುತ್ತಿದ್ದೇವೆಂಬುದು ಯಾವಾಗಲೂ ತಿಳಿದಿರುತ್ತದೆ. ಚಲಚ್ಚಿತ್ರದಲ್ಲಿ ಬಾಯಿಬಿಟ್ಟು ಹೇಳುವ ವಕ್ತೃ ಇರಬೇಕಾಗಿಲ್ಲ. ಆ ಸ್ಥಾನದಲ್ಲಿ ಬೇರೊಂದು ಗುರುತು ಇರಬೇಕು. ಪೊಲಾನ್ಸ್ಕಿಯಲ್ಲಿ ಬಣ್ಣವು ಆ ಗುರುತು. ಬಣ್ಣವೆಂದರೆ ಮುದುಕಿಯ ಮನಸ್ಸು, ಕಪ್ಪುಬಿಳುಪೆಂದರೆ ಲೋಕ ಎಂದು ಪ್ರೇಕ್ಷಕನು ಒಮ್ಮೆ ಕಲಿತನೆಂದರೆ ಆಮೇಲೆ ಎಷ್ಟು ಬಾರಿ ಅತ್ತಿತ್ತ ಹೋದರೂ ಅವನಿಗೆ ತೊಡಕಿಲ್ಲ. ಗುರುತು ಬಣ್ಣವೇ ಆಗಬೇಕೆಂಬ ನಿಯಮವಿಲ್ಲ; ಒಂದು ಶಬ್ದವಾಗಬಹುದು, ಒಂದು ಬಗೆಯ ಬೆಳಕಾಗಬಹುದು, ಕ್ಯಾಮೆರಾ ಅಲುಗುವ ಅಥವಾ ಅಲುಗದ ರೀತಿಯಾಗಬಹುದು. ಆದರೆ ಅದು ಒಂದೇ ಆಗಿರಬೇಕು, ಮೊದಲ ಬಾರಿ ಬಂದಾಗ ನಿಧಾನವಾಗಿ ತೋರಬೇಕು, ನಡುವೆ ಮಾತು ತಪ್ಪಬಾರದು. ಈ ಗುರುತು ಚಿತ್ರಗ್ರಹಣದ ಕಾಲದಲ್ಲಿಯೇ ಸಿದ್ಧವಾಗತಕ್ಕದ್ದು. ಕ್ರಮವಾಗಿ ತೆಗೆದ ಚಿತ್ರವು ಚೆನ್ನಾಗಿ ಬರಲಿಲ್ಲವೆಂದು ಸಂಕಲನದ ಮೇಜಿನ ಮೇಲೆ ಅದನ್ನು ಕಲಸುವವನಿಗೆ ಈ ಗುರುತು ಸಿಕ್ಕುವುದು ದುರ್ಲಭ.

ಇನ್ನು ಮೂರಂಕದ ವಿಚಾರ. ಇಪ್ಪತ್ತು ನಿಮಿಷದ ಚಿತ್ರಕ್ಕೆ ಮೂರು ಅಂಕಗಳು ಬೇಕೇ? ಭಾರತೀಯ ನಾಟ್ಯಶಾಸ್ತ್ರಕಾರರು ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳನ್ನು ಹೇಳಿದರು. ಬೀಜವನ್ನು ಬಿತ್ತುವುದು ಮೊದಲನೆಯದು, ಚದರಿದುದೆಲ್ಲವನ್ನೂ ಫಲದಲ್ಲಿ ಕೂಡಿಸುವುದು ಕಡೆಯದು. ಆದರೆ ಇದನ್ನು ಹೇಳಿದವರೇ ಎಲ್ಲ ರೂಪಕಗಳಿಗೂ ಐದನ್ನೂ ವಿಧಿಸಲಿಲ್ಲ. ಒಂದೇ ಅಂಕದ, ಒಬ್ಬನೇ ಪಾತ್ರಧಾರಿಯ ಭಾಣಕ್ಕೆ ಮುಖ ಮತ್ತು ನಿರ್ವಹಣ ಎಂಬ ಎರಡೇ ಸಂಧಿಗಳು ಸಾಕೆಂದು ದಶರೂಪಕದಲ್ಲಿ ಧನಂಜಯನು ಹೇಳಿರುವನು. ಈ ವಿವೇಕವು ಈಗಿನ ಕೈಪಿಡಿಗಳಲ್ಲಿ ಸುಲಭವಾಗಿ ಕಾಣಸಿಗದು. ಸಣ್ಣ ರೂಪಕದಲ್ಲಿ ನಡುವಿನ ಏರುಪೇರುಗಳಿಗೆ ಸ್ಥಳವಿಲ್ಲ. ಬಿತ್ತಿದುದು ಫಲಿಸಿತೇ ಎಂಬುದನ್ನು ಮಾತ್ರ ನೋಡಬೇಕು. ಪೊಲಾನ್ಸ್ಕಿಯ ಚಿತ್ರಕ್ಕೆ ಮೂರಂಕದ ಅಳತೆಗೋಲನ್ನು ಹಿಡಿದರೆ ಅದು ಅಂಕವಿಲ್ಲದ ಚಿತ್ರವೆಂದು ತೋರಬಹುದು. ಭಾಣದ ಅಳತೆಯನ್ನು ಹಿಡಿದರೆ ಗಾಜಿನ ಮಾಡು ಬೀಜವಾಗಿಯೂ ಅದನ್ನು ಒಡೆದು ಬೀಳುವ ದೇವದೂತನು ನಿರ್ವಹಣವಾಗಿಯೂ ಕಾಣುತ್ತಾರೆ. ಮೇಲಿನ ಲೋಕವು ಆ ಗಾಜಿನಾಚೆಗೆ ಬರಿಯ ಹೆಜ್ಜೆಗಳಾಗಿ ಹಾದುಹೋಗುತ್ತಿದ್ದುದನ್ನು ಚಿತ್ರವು ಮತ್ತೆ ಮತ್ತೆ ತೋರಿಸಿರದಿದ್ದರೆ, ಆ ಪತನವು ಕೇವಲ ಇಂದ್ರಜಾಲವಾಗಿಬಿಡುತ್ತಿತ್ತು. 46 ನಿಮಿಷದ ತಾರ್ಕೊವ್ಸ್ಕಿಯ ಚಿತ್ರದಲ್ಲಿಯಾದರೆ ಪರಿಚಯ, ಸಖ್ಯ, ವಿಯೋಗ ಎಂಬ ಮೂರು ಭಾಗಗಳಿಗೆ ಸ್ಥಳವುಂಟು. ಅವು ತಾವಾಗಿಯೇ ಬಂದು ನಿಂತಿವೆ.

ಸಂಧಿಗಳನ್ನು ಶಾಸ್ತ್ರದಲ್ಲಿ ಹೇಳಿದೆಯೆಂಬ ಮಾತ್ರಕ್ಕೆ ತಂದಿಡಬಾರದು, ರಸಕ್ಕೆ ಬೇಕಾದರೆ ಮಾತ್ರ ತರಬೇಕೆಂದು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಆನಂದವರ್ಧನನು ನಿರ್ಣಯಿಸಿದ್ದಾನೆ. ವೇಣೀಸಂಹಾರದ ಎರಡನೆಯ ಅಂಕದಲ್ಲಿ ಯುದ್ಧದ ಹೊಸ್ತಿಲಿನಲ್ಲಿ ದುರ್ಯೋಧನನ ಶೃಂಗಾರವನ್ನು ತಂದಿಟ್ಟುದು, ‘ವಿಲಾಸ’ವೆಂಬ ಸಂಧ್ಯಂಗವು ಅಲ್ಲಿರಬೇಕೆಂಬ ನಿಯಮಕ್ಕಾಗಿ ಮಾತ್ರವೆಂದು ಅವನು ಆಕ್ಷೇಪಿಸುತ್ತಾನೆ. ಹದಿನೈದು ನಿಮಿಷದ ಚಿತ್ರದ ನಾಲ್ಕನೆಯ ನಿಮಿಷಕ್ಕೆ ಸರಿಯಾಗಿ ಒಂದು ದೂರವಾಣಿ ಕರೆಯನ್ನೋ ಒಂದು ಅಪಘಾತವನ್ನೋ ತಂದಿಡುವ ವಿದ್ಯಾರ್ಥಿಯೂ ಇದೇ ವಿಲಾಸವನ್ನು ತಂದಿಡುತ್ತಿರುತ್ತಾನೆ. ಈ ಆಕ್ಷೇಪವು ವ್ಯುತ್ಕ್ರಮಕ್ಕೂ ಅಷ್ಟೇ ಸಲ್ಲುವುದೆಂಬುದನ್ನು ಮರೆಯಬಾರದು. ಪ್ರಯೋಗಚಿತ್ರವೆಂದರೆ ಕಾಲಭಂಗವಿರಲೇಬೇಕೆಂದು ಭಂಗವನ್ನು ತರುವವನು ಇನ್ನೊಂದು ಶಾಸ್ತ್ರಕ್ಕೆ ತಲೆಬಾಗಿದವನೇ ಹೊರತು ಸ್ವತಂತ್ರನಲ್ಲ.

ಪ್ರಯೋಗಚಿತ್ರಕ್ಕೆ ಈ ಎರಡನ್ನೂ ಮೀರಿದ ಮತ್ತೊಂದು ನಡೆಯುಂಟೆಂದು ತೋರಿಸಿದವಳು ಅಮೆರಿಕೆಯ ಮಾಯಾ ಡೆರೆನ್. 1943ರಲ್ಲಿ ಆಕೆಯೂ ಅಲೆಕ್ಸಾಂಡರ್ ಹ್ಯಾಮಿಡನೂ ಕೂಡಿ ಮಾಡಿದ, ಅಪರಾಹ್ಣದ ಬಲೆಗಳು ಎಂಬರ್ಥದ ಹೆಸರಿನ ಸುಮಾರು 14 ನಿಮಿಷದ ಚಿತ್ರದಲ್ಲಿ ಒಂದು ಹೂವು, ಒಂದು ಬೀಗದಕೈ, ಒಂದು ಚಾಕು ಮತ್ತೆ ಮತ್ತೆ ಬರುತ್ತವೆ. ಒಬ್ಬಳೇ ಹೆಂಗಸು ಅದೇ ಮನೆಗೆ ಮತ್ತೆ ಮತ್ತೆ ಬರುತ್ತಾಳೆ. ಒಂದೊಂದು ಬರವಿನಲ್ಲಿಯೂ ಭಯವು ಸ್ವಲ್ಪ ಹೆಚ್ಚುತ್ತದೆ. 1953ರಲ್ಲಿ ನ್ಯೂಯಾರ್ಕಿನಲ್ಲಿ ಕಾವ್ಯವನ್ನೂ ಚಲಚ್ಚಿತ್ರವನ್ನೂ ಕುರಿತು ನಡೆದ ಗೋಷ್ಠಿಯಲ್ಲಿ ಆಕೆಯು, ನಾಟಕವು ಒಂದು ಸಂಗತಿಯಿಂದ ಮತ್ತೊಂದಕ್ಕೆ ಅಡ್ಡಲಾಗಿ ಸಾಗುತ್ತದೆ, ಕಾವ್ಯವು ಒಂದೇ ಕ್ಷಣದೊಳಕ್ಕೆ ಕೆಳಮುಖವಾಗಿ ಇಳಿಯುತ್ತದೆ ಎಂಬ ಭೇದವನ್ನು ಮಂಡಿಸಿದಳು. ಗೋಷ್ಠಿಯಲ್ಲಿದ್ದ ಕವಿ ಡಿಲನ್ ತಾಮಸನು ಇದನ್ನು ಪರಿಹಾಸಮಾಡಿದನು. ನಾಟಕಕಾರ ಆರ್ಥರ್ ಮಿಲ್ಲರನೂ ಒಪ್ಪಲಿಲ್ಲ. ಸಭೆಯಲ್ಲಿ ಗೆದ್ದವರು ಯಾರಾದರೂ ಆಗಲಿ, ವಿದ್ಯಾರ್ಥಿಗೆ ಉಪಯೋಗವಾಗುವುದು ಆಕೆಯ ಭೇದವೇ. ಹ್ಯಾಮ್ಲೆಟ್ಟಿನಂತಹ ನಾಟಕವು ಒಟ್ಟಿನಲ್ಲಿ ಅಡ್ಡಲಾಗಿ ಸಾಗಿದರೂ ಅದರ ಸ್ವಗತಗಳು ಕೆಳಕ್ಕೆ ಇಳಿಯುತ್ತವೆಂದು ಆಕೆಯೇ ಒಪ್ಪಿದ್ದಳು. ಆದುದರಿಂದ ಒಂದೇ ಕೃತಿಯಲ್ಲಿ ಎರಡಕ್ಕೂ ಎಡೆಯುಂಟು.

ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ತಂದೆ ತೀರಿಕೊಂಡ ಮೇಲೆ ಮಗಳೊಬ್ಬಳು ಹಳೆಯ ಮನೆಯನ್ನು ಖಾಲಿಮಾಡಲು ಒಂದು ದಿನದ ಮಟ್ಟಿಗೆ ಊರಿಗೆ ಬರುತ್ತಾಳೆಂಬುದು ಇಪ್ಪತ್ತು ನಿಮಿಷದ ಚಿತ್ರಕ್ಕೆ ವಿದ್ಯಾರ್ಥಿಯು ಆರಿಸಿಕೊಂಡ ವಸ್ತುವಾಗಿರಲಿ. ಅವನು ಮೊದಲು ಮಾಡತಕ್ಕದ್ದು, ಆ ದಿನದ ಸಂಗತಿಗಳನ್ನೂ ಹಿಂದಿನ ಸಂಗತಿಗಳನ್ನೂ ಒಂದೊಂದು ಚೀಟಿಯ ಮೇಲೆ ಬರೆದು, ನಡೆದ ಕ್ರಮದಲ್ಲಿಯೇ ಜೋಡಿಸುವುದು. ಹೀಗೆ ಜೋಡಿಸಿದಾಗ, ಮಗಳು ತಂದೆಯನ್ನು ಬಿಟ್ಟು ಹೋದುದು ಏಕೆಂಬ ಚೀಟಿಯೇ ಇಲ್ಲವೆಂದು ತಿಳಿಯಬಹುದು. ಆ ತೂತನ್ನು ಮುಚ್ಚಲು ಚೀಟಿಗಳನ್ನು ಕಲಸುವುದೇ ವಿದ್ಯಾರ್ಥಿಗಳು ಬೀಳುವ ಗುಂಡಿ. ಕಲಸಿದರೆ ತೂತು ಕಾಣದಂತಾಗುವುದೇ ಹೊರತು ತುಂಬುವುದಿಲ್ಲ. ಪ್ರೇಕ್ಷಕನು ಅದನ್ನು ಗೂಢವೆಂದು ಸ್ವಲ್ಪ ಹೊತ್ತು ಗೌರವಿಸಿ, ಆಮೇಲೆ ಬರಿದೆಂದು ಅರಿತು ಸಿಟ್ಟಾಗುತ್ತಾನೆ. ಕಾರಣವನ್ನು ಬೇಕೆಂದೇ ಹೇಳದಿರುವುದು ಬೇರೆ, ಕಾರಣವು ತನಗೇ ತಿಳಿಯದಿರುವುದು ಬೇರೆ.

ಚೀಟಿಗಳು ಪೂರ್ಣವಾದ ಮೇಲೆ ಚಿತ್ರದ ಪ್ರಶ್ನೆ ಯಾವುದೆಂದು ಗೊತ್ತುಮಾಡಬೇಕು. ಮಗಳು ಮನೆಯನ್ನು ಮಾರುವಳೋ ಇಲ್ಲವೋ ಎಂಬುದು ಪ್ರಶ್ನೆಯಾದರೆ ಅದು ತಾರ್ಕೊವ್ಸ್ಕಿಯ ಸಂಜೆಯ ಮಾತಿನ ಜಾತಿಗೆ ಸೇರಿದುದು. ಬೆಳಗಿನಿಂದ ಸಂಜೆಯವರೆಗೆ ಅನುಕ್ರಮವಾಗಿಯೇ ನಡೆಯಲಿ, ಹಿಂದಿನ ಸಂಗತಿಗಳು ಮಾತಿನಲ್ಲಿಯೋ ಒಂದು ವಸ್ತುವಿನಲ್ಲಿಯೋ ಸುಳಿದುಹೋಗಲಿ. ಈ ಮನೆಯು ಅವಳಿಗೆ ಏನಾಗಿತ್ತು ಎಂಬುದು ಪ್ರಶ್ನೆಯಾದರೆ ಅದು ಪೊಲಾನ್ಸ್ಕಿಯ ಮುದುಕಿಯ ಜಾತಿಯದು. ಈಗಿನ ಬರಿದಾದ ಅಡಿಗೆಮನೆಯನ್ನೂ ಅಂದಿನ ತುಂಬಿದ ಅಡಿಗೆಮನೆಯನ್ನೂ ಒಂದರ ಮೇಲೊಂದನ್ನು ತಂದು ನಿಲ್ಲಿಸಬೇಕು. ಆಗ ಗುರುತು ಬೇಕು. ಈಗಿನ ಮನೆಯಲ್ಲಿ ಹೊರಗಿನ ಬೀದಿಯ ಶಬ್ದವಿರಲಿ, ಅಂದಿನ ಮನೆಯಲ್ಲಿ ಅದು ಸಂಪೂರ್ಣವಾಗಿ ಇಲ್ಲದಿರಲಿ ಎಂದು ನಿಶ್ಚಯಿಸಿದರೂ ಸಾಕು; ವೆಚ್ಚವಿಲ್ಲ. ಆದರೆ ಅಂದಿನ ಅಡಿಗೆಮನೆಯನ್ನು ತುಂಬುವ ಸಾಮಾನುಗಳೂ, ಬಾಲಕಿಯ ಪಾತ್ರಕ್ಕೆ ಬೇರೊಬ್ಬಳೂ, ಅದೇ ಕೋನದಲ್ಲಿ ಅದೇ ಬೆಳಕಿನಲ್ಲಿ ಎರಡು ಬಾರಿ ಕ್ಯಾಮೆರಾ ನಿಲ್ಲಿಸುವ ಕಾಲವೂ ಬೇಕೇ ಬೇಕು. ಹಾಗೆ ನಿಲ್ಲಿಸದೆ ತೆಗೆದ ಎರಡು ದೃಶ್ಯಗಳು ಪಕ್ಕಪಕ್ಕದಲ್ಲಿ ಬಂದರೂ ಒಂದನ್ನೊಂದು ಮುಟ್ಟುವುದಿಲ್ಲ. ವ್ಯುತ್ಕ್ರಮವು ಸೋಮಾರಿಯ ದಾರಿಯಲ್ಲ, ಅದರ ಸಿದ್ಧತೆ ಹೆಚ್ಚಿನದು.

ಕಟ್ಟು ಸರಿಯಾಯಿತೇ ಎಂಬುದನ್ನು ಪರೀಕ್ಷಿಸಲು ಎರಡು ಉಪಾಯಗಳಿವೆ. ನೆನಪಿನ ಎರಡು ಖಂಡಗಳನ್ನು ಅದಲುಬದಲು ಮಾಡಿ ನೋಡುವುದು ಒಂದು. ಹಾಗೆ ಮಾಡಿದರೂ ಏನೂ ವ್ಯತ್ಯಾಸವಾಗದಿದ್ದರೆ ಅಲ್ಲಿ ಜೋಡಣೆಯೆಂಬುದೇ ಇಲ್ಲ, ರಾಶಿಯಿದೆ. ಚಿತ್ರಕಥೆಯನ್ನು ಓದದ ಒಬ್ಬನಿಗೆ ಚಿತ್ರದ ಮೊದಲ ಜೋಡಣೆಯನ್ನು ತೋರಿಸಿ, ಏನು ನಡೆಯಿತೆಂದು ಅವನ ಬಾಯಿಂದ ಹೇಳಿಸುವುದು ಇನ್ನೊಂದು. ಇಷ್ಟವಾಯಿತೇ ಎಂದು ಕೇಳಬಾರದು. ಗೆಳೆಯರು ಇಷ್ಟವಾಯಿತೆಂದೇ ಹೇಳುತ್ತಾರೆ. ಅವನು ಸಂಗತಿಗಳನ್ನು ತಪ್ಪಾಗಿ ಹೇಳಿ ಭಾವವನ್ನು ಸರಿಯಾಗಿ ಹೇಳಿದರೆ ಗುರುತನ್ನು ಸ್ವಲ್ಪ ಬಲಪಡಿಸಿದರೆ ಸಾಕು. ಸಂಗತಿಗಳನ್ನು ಸರಿಯಾಗಿ ಹೇಳಿ, ಹೀಗೇಕೆ ತಿರುಗಿಸಿ ಹೇಳಿದರೋ ತಿಳಿಯದು ಎಂದರೆ, ಅನುಕ್ರಮಕ್ಕೆ ಹಿಂದಿರುಗುವುದೇ ಲೇಸು.

ಹೀಗೆ ಹಿಂದಿರುಗುವುದು ಅವಮಾನವಲ್ಲವೆಂಬುದಕ್ಕೆ ತಾರ್ಕೊವ್ಸ್ಕಿಯ ಮುಂದಿನ ಜೀವನವೇ ಸಾಕ್ಷಿ. ಕಾಲವನ್ನು ಸಂಪೂರ್ಣವಾಗಿ ಚದರಿಸಿದ ‘ಕನ್ನಡಿ’ ಎಂಬ ಚಿತ್ರವು 1975ರಲ್ಲಿ ಹೊರಬಂತು. ಅಂದರೆ ಅನುಕ್ರಮದ ಆ ವಿದ್ಯಾರ್ಥಿಚಿತ್ರಕ್ಕೆ ಹದಿನೈದು ವರ್ಷಗಳ ತರುವಾಯ. ಅದರಲ್ಲಿ ತಾಯಿಯೂ ಹೆಂಡತಿಯೂ ಒಬ್ಬಳೇ ನಟಿ. ಬಾಲ್ಯ, ಯುದ್ಧ, ವರ್ತಮಾನ, ಕನಸು, ಹಳೆಯ ವಾರ್ತಾಚಿತ್ರಗಳ ತುಣುಕುಗಳು ಒಂದರೊಳಗೊಂದು ಸೇರಿವೆ. ಆ ಚಿತ್ರಕ್ಕೆ ಇಪ್ಪತ್ತಕ್ಕೂ ಮಿಕ್ಕಿದ ಜೋಡಣೆಗಳನ್ನು ಮಾಡಿ ನೋಡಿದುದಾಗಿಯೂ, ಬಹುಕಾಲ ಅದು ನಿಲ್ಲದೆ ಉದುರುತ್ತಲೇ ಇದ್ದುದಾಗಿಯೂ, ಕಡೆಗೆ ಒಂದು ದಿನ ಒಮ್ಮೆಗೇ ಕೂಡಿಬಂದುದಾಗಿಯೂ ಅವನೇ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಅಷ್ಟು ಬಾರಿ ಕೆಡಹಿ ಕಟ್ಟುವುದಕ್ಕೆ ಅವನ ಹಿಂದೆ ಮಾಸ್ಕೋವಿನ ದೊಡ್ಡ ಚಿತ್ರಾಗಾರವೊಂದಿತ್ತು, ಮೂರು ದೀರ್ಘಚಿತ್ರಗಳ ಅನುಭವವಿತ್ತು. ಈಗ ಗಣಕಯಂತ್ರದ ಮೇಲೆ ಸಂಕಲನ ನಡೆಯುವುದರಿಂದ ಇಪ್ಪತ್ತು ಜೋಡಣೆಗಳನ್ನು ಮಾಡಿ ನೋಡುವುದಕ್ಕೆ ವಿದ್ಯಾರ್ಥಿಗೂ ಹೆಚ್ಚಿನ ವೆಚ್ಚ ತಗಲದು. ಆದರೆ ಜೋಡಿಸುವುದಕ್ಕೆ ಬೇಕಾದ ತುಂಡುಗಳನ್ನು ತೆಗೆದಿರಬೇಕು. ತೆಗೆಯದೆ ಬಿಟ್ಟ ತುಂಡು ಇಪ್ಪತ್ತೊಂದನೆಯ ಜೋಡಣೆಯಲ್ಲಿಯೂ ಸಿಕ್ಕುವುದಿಲ್ಲ.